22 ಅಂಕಕ್ಕೆ ಫೇಲ್: ಎಡಬ್ಲ್ಯುಎಸ್ ಅಸೋಸಿಯೇಟ್ ಪರೀಕ್ಷೆ ಮತ್ತೆ ಬರೆಯೋಕೆ ಎಷ್ಟು ದಿನ, ಎಷ್ಟು ದುಡ್ಡು?

ಕಾಫಿತೋಟ · ಜೂನ್ 8, ರಾತ್ರಿ 9:14

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆಯವನು, ಬೆಂಗಳೂರಲ್ಲಿ ಸಪೋರ್ಟ್ ಕೆಲಸ. ನಿನ್ನೆ ಶನಿವಾರ, 7ನೇ ತಾರೀಖು, ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ (SAA-C03) ಬರೆದೆ. ಇವತ್ತು ಮೇಲ್ ಬಂತು. 698. ಪಾಸಿಗೆ 720 ಬೇಕು. ಊಟ ಸೇರಲಿಲ್ಲ.

ನನ್ನ ಪರಿಸ್ಥಿತಿ ಹೀಗಿದೆ. ಹೋದ ವರ್ಷ ಕ್ಲೌಡ್ ಪ್ರಾಕ್ಟೀಷನರ್ ಪಾಸಾಗಿದ್ದೆ. ಅದಕ್ಕೆ ಬಂದಿದ್ದ ಅರ್ಧ ಬೆಲೆಯ ಕೋಡನ್ನು ಈ ಪರೀಕ್ಷೆಗೆ ಹಾಕಿದ್ದೆ. 150 ಡಾಲರ್‌ನಲ್ಲಿ 75, ಅದರ ಮೇಲೆ ಜಿಎಸ್‌ಟಿ, ಒಟ್ಟು 88.50 ಡಾಲರ್ ಹೋಯಿತು. ನಮ್ಮ ಆಫೀಸಿನಲ್ಲಿ ಪಾಸಾದರೆ ಮಾತ್ರ ದುಡ್ಡು ವಾಪಸ್ ಕೊಡುತ್ತಾರೆ. ಫೇಲಾದರೆ ನಮ್ಮ ಜೇಬೇ ಗತಿ.

ಮ್ಯಾನೇಜರ್ ತಿಂಗಳ ಕೊನೆಯೊಳಗೆ ಮುಗಿಸು ಅಂದಿದ್ದಾರೆ, ಜುಲೈನಲ್ಲಿ ಅಪ್ರೈಸಲ್ ಇದೆ. ಈಗ ನನಗೆ ತಿಳಿಯಬೇಕಾದ್ದು ಮೂರು. ಯಾವತ್ತಿಂದ ಮತ್ತೆ ಬರೆಯಬಹುದು? ಅರ್ಧ ಬೆಲೆ ಕೋಡ್ ಇನ್ನೊಂದು ಸಲ ನಡೆಯುತ್ತಾ? ಎರಡನೇ ಸಲಕ್ಕೆ ಶುಲ್ಕ ಏನಾದರೂ ಕಡಿಮೆ ಇದೆಯಾ?

ಎಂಟನೇಮೈಲಿ · ಜೂನ್ 8, ರಾತ್ರಿ 9:31

ಗುರು, ಟೆನ್ಷನ್ ಬೇಡ. 24 ಗಂಟೆ ಆದ್ಮೇಲೆ ಮತ್ತೆ ಬರೆಯಬಹುದು. ನಾನು ಹೋದ ವರ್ಷ ಸೋಮವಾರ ಫೇಲ್, ಬುಧವಾರ ಪಾಸ್. ಬಿಸಿ ಬಿಸಿ ಇರುವಾಗಲೇ ಬರೆದುಬಿಡು, ಓದಿದ್ದು ಮರೆತುಹೋಗುತ್ತೆ. ವರ್ಷಕ್ಕೆ ಐದು ಸಲ ಬಿಡುತ್ತಾರೆ.

ದಾಸವಾಳ · ಜೂನ್ 8, ರಾತ್ರಿ 10:02

ಎಂಟನೇಮೈಲಿಯವರೇ, ನೀವು ಬರೆದದ್ದು ಅಝೂರ್ ಪರೀಕ್ಷೆ ಅಲ್ವಾ? 24 ಗಂಟೆ, 12 ತಿಂಗಳಿಗೆ ಐದು ಸಲ, ಇವೆರಡೂ ಮೈಕ್ರೋಸಾಫ್ಟ್ ನಿಯಮ. ಅಲ್ಲೂ 24 ಗಂಟೆ ಅನ್ನೋದು ಮೊದಲನೇ ಸಲ ಫೇಲಾದಾಗ ಮಾತ್ರ. ಎರಡನೇ ಸಲವೂ ಫೇಲಾದರೆ ಅಲ್ಲಿಂದ ಮುಂದೆ 14 ದಿನ ಕಾಯಬೇಕು.

ಎಡಬ್ಲ್ಯುಎಸ್‌ನಲ್ಲಿ ಮೊದಲನೇ ಸಲಕ್ಕೇ 14 ದಿನ. ಕ್ಯಾಲೆಂಡರ್ ದಿನ, ಶನಿವಾರ ಭಾನುವಾರ ಎಲ್ಲ ಸೇರಿ. ಆದರೆ ಎಷ್ಟು ಸಲ ಬರೆಯಬಹುದು ಅನ್ನೋದಕ್ಕೆ ಮಿತಿ ಇಲ್ಲ. ಐದನೇ ಸಲಕ್ಕೂ 14 ದಿನ, ಹತ್ತನೇ ಸಲಕ್ಕೂ 14 ದಿನ. ಗೂಗಲ್ ಕ್ಲೌಡ್‌ನವರು ಎರಡನೇ ಸಲ ಫೇಲಾದರೆ 60 ದಿನ ಕೂರಿಸುತ್ತಾರೆ, ಅದಕ್ಕೆ ಹೋಲಿಸಿದರೆ ಇದು ಎಷ್ಟೋ ಮೇಲು.

ಶುಲ್ಕದ ವಿಷಯದಲ್ಲಿ ಕರುಣೆ ಇಲ್ಲ. ಪ್ರತಿ ಸಲವೂ ಪೂರ್ತಿ ಶುಲ್ಕ. 150 ಡಾಲರ್, ಮೇಲೆ 18 ಪರ್ಸೆಂಟ್, ಒಟ್ಟು 177. ನಿಮ್ಮ ಅರ್ಧ ಬೆಲೆ ಕೋಡ್ ಒಂದೇ ಸಲಕ್ಕೆ. ಬಳಸಿದಿರಿ, ಮುಗಿಯಿತು. ಪಾಸ್ ಆದರೆ ಹೊಸದೊಂದು ಕೋಡ್ ಬರುತ್ತೆ, ಫೇಲಾದರೆ ಬರಲ್ಲ. ಅಲ್ಲಿಗೆ ನಿಮ್ಮ ಎರಡು ಪ್ರಯತ್ನ ಸೇರಿ 88.50 + 177, ಅಂದರೆ 265.50 ಡಾಲರ್. ಡಾಲರ್‌ನಲ್ಲಿ ಕಾರ್ಡ್ ಉಜ್ಜಿದರೆ ಬ್ಯಾಂಕಿನವರು ವಿನಿಮಯದ ಶುಲ್ಕ ಅಂತ ತಮ್ಮ ಪಾಲೂ ಹಿಡಿಯುತ್ತಾರೆ, ಅದು ಬೇರೆ.

ಒಂದು ಪ್ರಶ್ನೆ. ಸ್ಕೋರ್ ರಿಪೋರ್ಟ್‌ನ ಕೆಳಗಡೆ ನಾಲ್ಕು ವಿಭಾಗದ ಪಟ್ಟಿ ಇರುತ್ತೆ. ಅದರಲ್ಲಿ ಯಾವುದಕ್ಕೆ `Needs Improvement` ಅಂತ ಬಂದಿದೆ? ಸಮಯ ಸಾಕಾಯಿತಾ?

ಎಂಟನೇಮೈಲಿ · ಜೂನ್ 8, ರಾತ್ರಿ 10:10

ಹೌದು ಮೇಡಂ, ನಂದು ಅಝೂರ್. ಎಲ್ಲ ಒಂದೇ ಕಂಪನಿ ನಡೆಸುತ್ತೆ ಅಂದ್ಕೊಂಡಿದ್ದೆ. ಎರಡಕ್ಕೂ ಹೋಗಿದ್ದು ಅದೇ ಸೆಂಟರ್, ಅದೇ ಲಾಕರ್, ಅದೇ ಸೆಕ್ಯುರಿಟಿ ಅಣ್ಣ.

ಆದ್ರೂ ಒಂದು ದಾರಿ ಇದೆ. ಬೇರೆ ಇಮೇಲ್‌ನಿಂದ ಹೊಸ ಅಕೌಂಟ್ ಮಾಡಿದರೆ 14 ದಿನದ ಲೆಕ್ಕ ಹೊಸ ಅಕೌಂಟಿಗೆ ಬರಲ್ಲ.

ದಾಸವಾಳ · ಜೂನ್ 8, ರಾತ್ರಿ 10:18

ದಯವಿಟ್ಟು ಅದನ್ನು ಯಾರೂ ಮಾಡಬೇಡಿ. ಸೆಂಟರ್ ಅವರದ್ದು, ನಿಯಮ ಸರ್ಟಿಫಿಕೇಟ್ ಕೊಡುವವರದ್ದು. ಐಡಿ ಅದೇ, ಹೆಸರು ಅದೇ, ಫೋಟೋ ಅದೇ. ಸಿಕ್ಕಿಬಿದ್ದರೆ ಪಾಸಾದ ಫಲಿತಾಂಶವನ್ನೂ ರದ್ದು ಮಾಡುತ್ತಾರೆ. ಎರಡು ವಾರ ಉಳಿಸೋಕೆ ಹೋಗಿ ಇರೋ ಕ್ಲೌಡ್ ಪ್ರಾಕ್ಟೀಷನರ್ ಕೂಡ ಕಳೆದುಕೊಳ್ಳೋದು ಬೇಕಾ?

ಗೋಳಿಬಜೆ · ಜೂನ್ 9, ಬೆಳಿಗ್ಗೆ 7:40

ನನ್ನದೂ ಇದೇ ಸಮಸ್ಯೆ. ನನ್ನ ಅಸೋಸಿಯೇಟ್ ಸರ್ಟಿಫಿಕೇಟ್ ಆಗಸ್ಟ್ 12ಕ್ಕೆ ಮುಗಿಯುತ್ತೆ. ಮೂರು ವರ್ಷ ಆಯ್ತು. ಮತ್ತೆ ಬರೆಯಬೇಕು ಅಂದರೆ ನಾನೂ 14 ದಿನ ಕಾಯಬೇಕಾ? ಯಾವತ್ತಿಂದ 14 ದಿನ?

ದಾಸವಾಳ · ಜೂನ್ 9, ಬೆಳಿಗ್ಗೆ 8:25

ಅಣ್ಣ, ನಿಮ್ಮದು ನವೀಕರಣ. ಅದು ಬೇರೆ ಕಥೆ. ನೀವು ಫೇಲ್ ಆಗಿಲ್ಲವಲ್ಲ, ಹಾಗಾಗಿ ಕಾಯೋ ಪ್ರಶ್ನೆ ಇಲ್ಲ. ಈಗಿನ ಆವೃತ್ತಿಯ ಪರೀಕ್ಷೆ ಬರೆದು ಪಾಸಾದರೆ ಇನ್ನು ಮೂರು ವರ್ಷ. ಆಗ ಪಾಸಾದಾಗ ಬಂದಿದ್ದ ಅರ್ಧ ಬೆಲೆ ಕೋಡ್ ಬಳಸದೇ ಬಿಟ್ಟಿದ್ದರೆ ಅದನ್ನು ಇದಕ್ಕೆ ಹಾಕಬಹುದು, ಅಕೌಂಟಿನ ಬೆನಿಫಿಟ್ಸ್ ಪುಟದಲ್ಲಿ ನೋಡಿ.

ಆದರೆ ನೀವು ಕೇಳಿದ್ದು ಒಳ್ಳೇದೇ ಆಯಿತು. ಆಗಸ್ಟ್ 10ಕ್ಕೆ ಬುಕ್ ಮಾಡಿದಿರಿ ಅಂತಿಟ್ಟುಕೊಳ್ಳಿ. ಫೇಲಾದರೆ ಮುಂದಿನ ಅವಕಾಶ 24ರ ಹೊತ್ತಿಗೆ. ಅಷ್ಟರಲ್ಲಿ 12ಕ್ಕೆ ನಿಮ್ಮ ಸರ್ಟಿಫಿಕೇಟ್ ಅವಧಿ ಮುಗಿದಿರುತ್ತೆ. ಜುಲೈ ಎರಡನೇ ವಾರಕ್ಕೆ ಇಟ್ಟುಕೊಳ್ಳಿ, ಒಂದು ಸಲ ಎಡವಿದರೂ ಎದ್ದು ನಿಲ್ಲೋಕೆ ಜಾಗ ಇರುತ್ತೆ.

ಗೋಳಿಬಜೆ · ಜೂನ್ 9, ಬೆಳಿಗ್ಗೆ 8:33

ಓಹ್. ನಾನು ಆಗಸ್ಟ್ 9ಕ್ಕೆ ಬುಕ್ ಮಾಡಿ ಆಗಿದೆ ಅಕ್ಕ. ಬದಲಾಯಿಸಬಹುದಾ, ದುಡ್ಡು ಹೋಗುತ್ತಾ?

ದಾಸವಾಳ · ಜೂನ್ 9, ಬೆಳಿಗ್ಗೆ 8:41

ಬದಲಾಯಿಸಬಹುದು, ದುಡ್ಡು ಹೋಗಲ್ಲ. ಪರೀಕ್ಷೆಗೆ 24 ಗಂಟೆ ಮುಂಚಿನವರೆಗೆ ಅವಕಾಶ ಇದೆ. ಒಂದು ಬುಕಿಂಗನ್ನು ಎರಡು ಸಲ ಮಾತ್ರ ಮುಂದೆ ಹಿಂದೆ ಮಾಡಬಹುದು. ಮೂರನೇ ಸಲ ಬೇಕಾದರೆ ರದ್ದು ಮಾಡಿ ಹೊಸದಾಗಿ ಬುಕ್ ಮಾಡಬೇಕು. ಹೇಳದೇ ಕೇಳದೇ ಹೋಗದಿದ್ದರೆ ಮಾತ್ರ ಪೂರ್ತಿ ಶುಲ್ಕ ನೀರಿಗೆ.

ಕಾಫಿತೋಟ · ಜೂನ್ 9, ಮಧ್ಯಾಹ್ನ 1:20

ದಾಸವಾಳ ಮೇಡಂ, ರಿಪೋರ್ಟ್ ಈಗ ಸರಿಯಾಗಿ ನೋಡಿದೆ. ಸೆಕ್ಯೂರ್ ಮತ್ತು ಹೈ ಪರ್ಫಾರ್ಮಿಂಗ್ ಎರಡಕ್ಕೂ `Meets Competencies`. ರೆಸಿಲಿಯೆಂಟ್ ಮತ್ತು ಕಾಸ್ಟ್ ಎರಡಕ್ಕೂ `Needs Improvement`. ಅಂದರೆ ನಾಲ್ಕರಲ್ಲಿ ಎರಡು ಸಬ್ಜೆಕ್ಟ್ ಪಾಸ್, ಎರಡು ಫೇಲ್ ಅಂತಾನಾ?

ಸಮಯ ಸಾಕಾಗಲಿಲ್ಲ. ಕೊನೆಗೆ 9 ಪ್ರಶ್ನೆ ಓದದೇ ಉಳಿದವು. ಒಂದು ನಿಮಿಷ ಇದ್ದಾಗ ಕಣ್ಣುಮುಚ್ಚಿ ಒಂದೊಂದು ಒತ್ತಿದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ನಾನು. ಇಂಗ್ಲಿಷ್ ಅರ್ಥ ಆಗಲ್ಲ ಅಂತಲ್ಲ, ಆದರೆ ನಾಲ್ಕು ಸಾಲಿನ ಪ್ರಶ್ನೆಗೆ ಮೂರು ಮೂರು ಸಾಲಿನ ನಾಲ್ಕು ಉತ್ತರ ಇದ್ದರೆ ಎರಡು ಸಲ ಓದಬೇಕಾಗುತ್ತೆ.

ಉದಾಹರಣೆಗೆ ನನಗೆ ಬಂದಿದ್ದ ಒಂದು ಪ್ರಶ್ನೆ ಹೀಗಿತ್ತು: *[ಈ ಭಾಗವನ್ನು ನಿರ್ವಾಹಕರು ತೆಗೆದಿದ್ದಾರೆ]*

ನಿರ್ವಾಹಕ · ಜೂನ್ 9, ಮಧ್ಯಾಹ್ನ 1:44

ಕಾಫಿತೋಟ, ಬೇಜಾರು ಮಾಡ್ಕೋಬೇಡಿ. ನಿಜವಾದ ಪರೀಕ್ಷೆಯ ಪ್ರಶ್ನೆ ಇಲ್ಲಿ ಹಾಕುವಂತಿಲ್ಲ. ಪರೀಕ್ಷೆ ಶುರುವಾಗುವ ಮುಂಚೆ ನೀವು ಒಪ್ಪಿಕೊಂಡ ಪುಟದಲ್ಲಿ ಅದೇ ಇತ್ತು.

ದಾಸವಾಳ · ಜೂನ್ 9, ರಾತ್ರಿ 9:50

ಊಟ ಆಯಿತು, ಈಗ ಕೂತು ಬರೆಯುತ್ತೇನೆ.

ಮೊದಲು ಸಮಯ. ಇದನ್ನು ಹತ್ತರಲ್ಲಿ ಎಂಟು ಜನರಿಗೆ ನಾನೇ ಹೇಳಬೇಕಾಗುತ್ತೆ, ಯಾಕೋ ಗೊತ್ತಿಲ್ಲ. ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದರೆ 30 ನಿಮಿಷ ಹೆಚ್ಚು ಸಿಗುತ್ತೆ. 130 ನಿಮಿಷ ಇದ್ದದ್ದು 160 ಆಗುತ್ತೆ. ಡಾಕ್ಟರ್ ಚೀಟಿ ಬೇಡ, ಸ್ಕೂಲ್ ಸರ್ಟಿಫಿಕೇಟ್ ಬೇಡ, ದುಡ್ಡು ಕೊಡಬೇಕಿಲ್ಲ. ನಿಮ್ಮ ಸರ್ಟಿಫಿಕೇಷನ್ ಅಕೌಂಟಿನಲ್ಲಿ ಅಕಾಮಡೇಷನ್ ಕೇಳುವ ಜಾಗ ಇದೆ, ಅಲ್ಲಿ ಇದನ್ನು ಆರಿಸಿ:

```
ESL +30 MINUTES
```

ಒಂದು ಸಲ ಕೇಳಿದರೆ ಮುಂದಿನ ಎಲ್ಲ ಪರೀಕ್ಷೆಗೂ ಇರುತ್ತೆ. ಆದರೆ ಬುಕ್ ಮಾಡುವ ಮೊದಲು ಕೇಳಬೇಕು. ಬುಕ್ ಮಾಡಿದ ಮೇಲೆ ಕೇಳಿದರೆ ಆ ಬುಕಿಂಗಿಗೆ ಸೇರಲ್ಲ. ಆದ್ದರಿಂದ ಇವತ್ತು ಇದನ್ನು ಮಾಡಿ, ಆಮೇಲೆ ತಾರೀಖಿನ ಮಾತು. ಬುಕಿಂಗ್ ಪುಟದಲ್ಲಿ 160 ನಿಮಿಷ ಕಾಣಿಸಿದರೆ ಮಾತ್ರ ದುಡ್ಡು ಕಟ್ಟಿ.

ಎರಡನೇದು, ಆ ಪಟ್ಟಿ. ಎರಡು ಪಾಸ್ ಎರಡು ಫೇಲ್ ಅಂತ ಅಲ್ಲ. ಇಲ್ಲಿ ವಿಭಾಗವಾರು ಪಾಸ್ ಇಲ್ಲ, ಒಟ್ಟು ಅಂಕ ಮಾತ್ರ. ಒಂದರಲ್ಲಿ ಕಡಿಮೆ ಬಂದರೆ ಇನ್ನೊಂದು ಅದನ್ನು ಎತ್ತಿಹಿಡಿಯಬಹುದು. ಹಾಗೆಯೇ 698 ಅಂದರೆ 69.8 ಪರ್ಸೆಂಟ್ ಅಲ್ಲ. 100ರಿಂದ 1000ದವರೆಗಿನ ಅಳತೆ ಅದು, ಪ್ರಶ್ನೆಪತ್ರಿಕೆ ಎಷ್ಟು ಕಷ್ಟ ಅಂತ ನೋಡಿ ಹೊಂದಿಸಿರುತ್ತಾರೆ. 65 ಪ್ರಶ್ನೆಯಲ್ಲಿ 50ಕ್ಕೆ ಮಾತ್ರ ಅಂಕ. ಉಳಿದ 15 ಮುಂದಿನವರಿಗಾಗಿ ಪರೀಕ್ಷಿಸಿ ನೋಡುವ ಪ್ರಶ್ನೆ. ಯಾವುವು ಅಂತ ಹೇಳಲ್ಲ. ಹಾಗಾಗಿ ‘22 ಅಂಕ ಅಂದರೆ ಎಷ್ಟು ಪ್ರಶ್ನೆ’ ಅಂತ ಲೆಕ್ಕ ಹಾಕೋಕೆ ಕೂರಬೇಡಿ. ನೀವು ಕಣ್ಣುಮುಚ್ಚಿ ಒತ್ತಿದ 9ರಲ್ಲೇ ಆ ವ್ಯತ್ಯಾಸ ಇತ್ತು ಅಂತ ನನ್ನ ಅನಿಸಿಕೆ. ಒತ್ತಿದ್ದು ಒಳ್ಳೇದೇ, ತಪ್ಪಿಗೆ ಅಂಕ ಕಳೆಯಲ್ಲ.

ರೆಸಿಲಿಯೆಂಟ್‌ಗೆ 26 ಪರ್ಸೆಂಟ್ ತೂಕ, ಕಾಸ್ಟ್‌ಗೆ 20. ನಿಮ್ಮ 14 ದಿನ ಇವೆರಡಕ್ಕೇ ಇಡಿ. ಮೊದಲಿಂದ ಎಲ್ಲ ವಿಡಿಯೋ ನೋಡೋಕೆ ಹೋಗಬೇಡಿ.

ಕಾಸ್ಟ್ ಪ್ರಶ್ನೆಗಳಲ್ಲಿ ಜಾರೋದು ಎಲ್ಲಿ ಅಂತ ನಾನೇ ಹೊಸೆದ ಒಂದು ಉದಾಹರಣೆ ಹೇಳುತ್ತೇನೆ. ಒಂದು ಆಸ್ಪತ್ರೆಯ ಹಳೇ ಎಕ್ಸ್‌ರೇ ಚಿತ್ರಗಳು ಎಸ್3ಯಲ್ಲಿವೆ. ಮೂರು ತಿಂಗಳಿಗೆ ಒಂದು ಸಲ ಯಾರೋ ತೆಗೆದು ನೋಡುತ್ತಾರೆ. ಆದರೆ ಡಾಕ್ಟರ್ ಕೇಳಿದ ತಕ್ಷಣ ಪರದೆ ಮೇಲೆ ಬರಬೇಕು. ಕಡಿಮೆ ಖರ್ಚಿನ ದಾರಿ ಯಾವುದು? ‘ಕಡಿಮೆ ಖರ್ಚು’ ಅಂತ ಕಂಡ ಕೂಡಲೇ ಕೈ ಗ್ಲೇಸಿಯರ್ ಡೀಪ್ ಆರ್ಕೈವ್ ಕಡೆ ಹೋಗುತ್ತೆ, ಎಲ್ಲಕ್ಕಿಂತ ಅಗ್ಗ ಅದೇ. ಆದರೆ ಅದರಿಂದ ಫೈಲ್ ಹೊರಗೆ ಬರೋಕೆ ಗಂಟೆಗಟ್ಟಲೆ ಬೇಕು, 12 ಗಂಟೆ ಹಿಡಿಯಬಹುದು. ಡಾಕ್ಟರ್ ಮುಂದೆ ರೋಗಿ ಕೂತಿದ್ದಾನೆ! ಗ್ಲೇಸಿಯರ್ ಇನ್‌ಸ್ಟಂಟ್ ರಿಟ್ರೀವಲ್ ಮಿಲಿಸೆಕೆಂಡಿನಲ್ಲಿ ಕೊಡುತ್ತೆ. ಉತ್ತರ ಅದು. ‘ತಕ್ಷಣ’ ಅನ್ನೋ ಒಂದು ಪದ ಬಿಟ್ಟು ಓದಿದರೆ ಹೋಯಿತು. ಅವಸರದಲ್ಲಿ ಓದುವವರು ಬಿಡೋದೇ ಅದನ್ನು. ಆ 30 ನಿಮಿಷ ಅದಕ್ಕೇ ಬೇಕು.

ಬೆಣ್ಣೆದೋಸೆ · ಜೂನ್ 9, ರಾತ್ರಿ 10:37

ದಾವಣಗೆರೆಯಿಂದ. ನನ್ನದೊಂದು ಕಥೆ ಕೇಳಿ, ಬೇರೆಯವರಿಗೆ ಉಪಯೋಗ ಆಗಬಹುದು.

ಒಂದು ಟ್ರೈನಿಂಗ್ ಸೆಂಟರ್, ಹೆಸರು ಹೇಳಲ್ಲ. ‘ಪಾಸ್ ಗ್ಯಾರಂಟಿ, ಫೇಲಾದರೆ ಎರಡನೇ ಪರೀಕ್ಷೆ ಫ್ರೀ’ ಅಂತ ಬ್ಯಾನರ್. ಸೇರಿದೆ, ದುಡ್ಡು ಕಟ್ಟಿದೆ, ಫೇಲಾದೆ. ಫ್ರೀ ಕೇಳೋಕೆ ಹೋದರೆ ಒಂದು ಪಿಡಿಎಫ್ ತೋರಿಸಿದರು. ಅವರ ಐದು ಮಾಕ್ ಟೆಸ್ಟ್‌ನಲ್ಲೂ 85ರ ಮೇಲೆ ಇರಬೇಕಂತೆ. ನನ್ನದು ನಾಲ್ಕರಲ್ಲಿ ಇತ್ತು, ಒಂದರಲ್ಲಿ 82. ಫೇಲಾದ 7 ದಿನದೊಳಗೆ ಅರ್ಜಿ ಕೊಡಬೇಕಂತೆ, ನಾನು ಹೋಗಿದ್ದು ಒಂಬತ್ತನೇ ದಿನ. ಇಷ್ಟಾದ ಮೇಲೂ ಕೊಟ್ಟಿದ್ದರೆ ತೆರಿಗೆ ನಾನೇ ಕಟ್ಟಬೇಕಿತ್ತಂತೆ.

ಇದರಲ್ಲಿ ಪರೀಕ್ಷೆ ಮಾಡುವವರ ತಪ್ಪೇನಿಲ್ಲ, ಅವರಿಗೆ ಈ ಗ್ಯಾರಂಟಿ ಗೊತ್ತೂ ಇಲ್ಲ. ಸುಮ್ನೆ ಬ್ಯಾನರ್ ನೋಡಿ ಸೇರಿದ ನನ್ನದೇ ತಪ್ಪು.

ಅವರೆಕಾಳು · ಜೂನ್ 9, ರಾತ್ರಿ 10:52

ಹದಿನೈದು ಸಾವಿರ ಕೊಟ್ಟು ಒಂದು ಬ್ಯಾಡ್ಜ್. ಫೇಲಾದರೆ ಇನ್ನೂ ಹದಿನೈದು. 14 ದಿನ ಕಾಯಿಸೋದು ಯಾಕೆ ಹೇಳಿ? ಎಲ್ಲ ದುಡ್ಡು ಮಾಡೋ ದಾರಿ.

ದಾಸವಾಳ · ಜೂನ್ 9, ರಾತ್ರಿ 11:05

ದುಡ್ಡಿಗಾಗಿಯೇ ಆಗಿದ್ದರೆ ಕಾಯಿಸುತ್ತಿರಲಿಲ್ಲ. ಮಾರನೇ ದಿನವೇ ಬಾ, ಇನ್ನೊಂದು 150 ಕೊಡು ಅನ್ನುತ್ತಿದ್ದರು.

ಕಾರಣ ಪ್ರಶ್ನೆಗಳ ಗಂಟು. ಬಳಸುವಂಥ ಪ್ರಶ್ನೆಗಳ ಸಂಖ್ಯೆಗೆ ಒಂದು ಮಿತಿ ಇದೆ, ಹೊಸದೊಂದು ಬರೆದು ಪರೀಕ್ಷಿಸಿ ಸೇರಿಸೋಕೆ ಸಮಯ ಹಿಡಿಯುತ್ತೆ. ಅದಕ್ಕೇ ಆ 15 ಲೆಕ್ಕಕ್ಕಿಲ್ಲದ ಪ್ರಶ್ನೆ. ಇವತ್ತು ನೋಡಿದ್ದನ್ನು ನಾಳೆ ಮತ್ತೆ ಬರೆಯೋಕೆ ಬಿಟ್ಟರೆ ಜನ ಪಾಠ ಓದಲ್ಲ, ಪ್ರಶ್ನೆ ನೆನಪಿಟ್ಟುಕೊಳ್ಳುತ್ತಾರೆ. ಎರಡು ವಾರದಲ್ಲಿ ಆ ನೆನಪು ಅರ್ಧ ಕರಗುತ್ತೆ.

ಆದರೆ ಶುಲ್ಕದ ಬಗ್ಗೆ ನಿಮ್ಮ ಸಿಟ್ಟು ನಾನೂ ಒಪ್ಪುತ್ತೇನೆ. ಕುಬರ್ನೆಟಿಸ್‌ನವರ ಸಿಕೆಎ ಪರೀಕ್ಷೆಯಲ್ಲಿ ಕೊಂಡ ದುಡ್ಡಿನಲ್ಲೇ ಎರಡನೇ ಪ್ರಯತ್ನ ಸೇರಿರುತ್ತೆ. ಅವರಿಗೆ ಆಗುವುದು ಇವರಿಗೆ ಯಾಕೆ ಆಗಲ್ಲ?

ಅವರೆಕಾಳು · ಜೂನ್ 9, ರಾತ್ರಿ 11:09

ಆ ಪರೀಕ್ಷೆ ಬೆಲೆ ಎಷ್ಟು ಅಂತಾನೂ ಹೇಳಿ ಮೇಡಂ. ಎರಡನೇ ಪ್ರಯತ್ನದ ದುಡ್ಡನ್ನು ಮೊದಲೇ ಸೇರಿಸಿ ಇಟ್ಟಿದ್ದಾರೆ ಅಷ್ಟೆ.

ದಾಸವಾಳ · ಜೂನ್ 9, ರಾತ್ರಿ 11:12

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇರಬಹುದು.

ಇಟ್ಟಿಗೆಗೂಡು · ಜೂನ್ 10, ಬೆಳಿಗ್ಗೆ 6:15

ಮೈಸೂರಿನಿಂದ, ಬೆಳಗಿನ ವಾಕ್ ಮುಗಿಸಿ ಬರೆಯುತ್ತಿದ್ದೇನೆ. ನೀವೆಲ್ಲ 14 ದಿನಕ್ಕೆ ಅಳುತ್ತೀರಿ. ಪಿಎಂಪಿಯಲ್ಲಿ ಅರ್ಜಿ ಒಪ್ಪಿದ ದಿನದಿಂದ ಒಂದು ವರ್ಷ, ಅಷ್ಟರೊಳಗೆ ಮೂರು ಸಲ. ಮೂರೂ ಹೋದರೆ ಮೂರನೇ ಪರೀಕ್ಷೆಯಿಂದ ಒಂದು ವರ್ಷ ಕಾಯಬೇಕು. ನನ್ನದು ಎರಡು ಹೋಗಿದೆ, 58ನೇ ವಯಸ್ಸು. ಮನೆಯಲ್ಲಿ ‘ಯಾಕ್ರೀ ಬೇಕು ಇದೆಲ್ಲ’ ಅಂತಾರೆ. ಒಂದೇ ಸಮಾಧಾನ, ಅಲ್ಲಿ ಎರಡನೇ ಸಲದ ಶುಲ್ಕ ಮೊದಲನೇದಕ್ಕಿಂತ ಕಡಿಮೆ.

ಹಳೆಹುಲಿ · ಜೂನ್ 10, ಬೆಳಿಗ್ಗೆ 10:20

ಕಾಯುವ ಅವಧಿಯ ಇನ್ನೊಂದು ಗುಂಡಿ ಯಾರೂ ಹೇಳಲಿಲ್ಲ. ನಾನು ಅದರಲ್ಲಿ ಬಿದ್ದವನು.

2022ರ ಆಗಸ್ಟ್ 20ರಂದು ಇದೇ ಪರೀಕ್ಷೆಯ ಹಿಂದಿನ ಆವೃತ್ತಿ, ಸಿ02, ಬರೆದು ಫೇಲಾದೆ. 14 ದಿನ ಅಂದರೆ ಸೆಪ್ಟೆಂಬರ್ 3. ಆದರೆ ಸಿ02 ಕೊನೆಯ ದಿನ ಆಗಸ್ಟ್ 29. ಮಾರನೇ ದಿನ, 30ರಿಂದ, ಸಿ03 ಶುರು. ನಾನು ಮತ್ತೆ ಬರೆಯೋ ಹೊತ್ತಿಗೆ ನಾನು ಓದಿದ ಪರೀಕ್ಷೆಯೇ ಇರಲಿಲ್ಲ. ಪುಸ್ತಕ, ಮಾಕ್ ಟೆಸ್ಟ್ ಎಲ್ಲ ಸಿ02 ಲೆಕ್ಕದ್ದು. ಹೊಸ ಸಿಲಬಸ್ ನೋಡಿ ಮತ್ತೆ ಎರಡು ತಿಂಗಳು ಓದಿದೆ.

ಆವೃತ್ತಿ ಬದಲಾಗೋದನ್ನು ಮುಂಚೆಯೇ ಹೇಳಿರುತ್ತಾರೆ. ನಾನೇ ನೋಡಿರಲಿಲ್ಲ. ಬುಕ್ ಮಾಡುವಾಗ ಪರೀಕ್ಷೆಯ ಪುಟದಲ್ಲಿ ‘ಕೊನೆಯ ದಿನ’ ಅಂತ ಏನಾದರೂ ಬರೆದಿದೆಯಾ ನೋಡಿ. ಬರೆದಿದ್ದರೆ ಆ ದಿನಕ್ಕಿಂತ ಮೂರು ವಾರ ಮುಂಚೆ ಬರೆಯಿರಿ, ಇಲ್ಲಾ ಹೊಸದಕ್ಕೇ ಓದಿ.

ಕಾಫಿತೋಟ · ಜೂನ್ 10, ಸಂಜೆ 6:48

ಥ್ಯಾಂಕ್ಸ್ ಎಲ್ಲರಿಗೂ. 30 ನಿಮಿಷದ್ದು ಕೇಳಿದೆ, ಕೂಡಲೇ ಒಪ್ಪಿಗೆ ಬಂತು. ಇಷ್ಟು ಸುಲಭ ಅಂತ ಗೊತ್ತಿದ್ದಿದ್ದರೆ!

ಈಗ ಹೊಸ ವಿಷಯ. ನಮ್ಮ ಟೀಮಿನ ಒಬ್ಬರ ಹತ್ತಿರ ಆಫೀಸಿನಿಂದ ಬಂದ ಪೂರ್ತಿ ಫ್ರೀ ವೋಚರ್ ಇದೆ. ಅವರು ಬರೆಯಲ್ಲವಂತೆ, ನನಗೆ ಕೊಡಿಸುತ್ತೇನೆ ಅಂದಿದ್ದಾರೆ. ಅದರ ಅವಧಿ ಜೂನ್ 20ರವರೆಗೆ. ನಾನು 7ಕ್ಕೆ ಬರೆದವನು. 20ರೊಳಗೆ ಬುಕ್ ಮಾಡಿ 28ಕ್ಕೆ ಬರೆದರೆ ನಡೆಯುತ್ತಾ?

ಎಂಟನೇಮೈಲಿ · ಜೂನ್ 10, ಸಂಜೆ 7:02

ನಡೆಯುತ್ತೆ. ಅವಧಿ ಬುಕಿಂಗಿಗೆ ಮಾತ್ರ. ಈ ಸಲ ಖಂಡಿತ 😀

ದಾಸವಾಳ · ಜೂನ್ 10, ರಾತ್ರಿ 9:15

ಈ ಸಲವೂ ಇಲ್ಲ ಎಂಟನೇಮೈಲಿ 😀 ಆ ತಾರೀಖಿನೊಳಗೆ ಬುಕ್ ಮಾಡಿದರೆ ಸಾಲದು, ಪರೀಕ್ಷೆಯೇ ಬರೆದಿರಬೇಕು. ಬುಕಿಂಗ್ ಪುಟದಲ್ಲಿ 28ನೇ ತಾರೀಖು ಆರಿಸಿ ವೋಚರ್ ಹಾಕಿದರೆ ಅದೇ ಬೇಡ ಅನ್ನುತ್ತೆ.

7 + 14 ಅಂದರೆ 21. ನಿಮ್ಮ ವೋಚರ್ 20ಕ್ಕೆ ಸಾಯುತ್ತೆ. ಒಂದೇ ದಿನ! ವೋಚರ್ ಹಂಚುವವರು ನಿಮ್ಮ ಆಫೀಸಿನಲ್ಲಿ ಯಾರೋ ಇರುತ್ತಾರೆ, ಎಚ್‌ಆರ್ ಇರಬಹುದು, ಟ್ರೈನಿಂಗ್ ವಿಭಾಗ ಇರಬಹುದು. ಮುಂದಿನ ಕಂತಿನ ವೋಚರ್ ಇದೆಯಾ ಅಂತ ಅವರನ್ನು ಕೇಳಿ. ಹಾಗೆಯೇ ಸಹೋದ್ಯೋಗಿಯ ವೋಚರ್ ಇನ್ನೊಬ್ಬರು ಬಳಸಬಹುದಾ ಅನ್ನೋದನ್ನೂ ಅವರಿಂದಲೇ ಕೇಳಿಕೊಳ್ಳಿ. ಕೆಲವು ಕಡೆ ಹೆಸರಿಗೆ ಕೊಟ್ಟಿರುತ್ತಾರೆ.

ಇನ್ನೊಂದು, ಮುಂದೆ ಓದುವವರಿಗಾಗಿ. ಆಗಾಗ ‘ಫೇಲಾದರೆ ಎರಡನೇದು ಉಚಿತ’ ಅನ್ನೋ ಕೊಡುಗೆಯನ್ನು ಎಡಬ್ಲ್ಯುಎಸ್‌ನವರೇ ಬಿಡುತ್ತಾರೆ. ಅದರ ಕೋಡನ್ನು ಮೊದಲನೇ ಬುಕಿಂಗ್‌ನಲ್ಲೇ ಹಾಕಿರಬೇಕು. ಫೇಲಾದ ಮೇಲೆ ಹುಡುಕಿ ಪ್ರಯೋಜನ ಇಲ್ಲ. ಇನ್ನೊಂದು ಲೆಕ್ಕ: ನಿಮ್ಮ ಹತ್ತಿರ ಅರ್ಧ ಬೆಲೆ ಕೋಡ್ ಒಂದೇ ಇದ್ದು ತಯಾರಿ ಅರೆಬರೆ ಅನಿಸಿದರೆ ಕೋಡ್ ಹಾಕಿ ‘ಒಂದು ಕೈ ನೋಡೋಣ’ ಅನ್ನಬೇಡಿ. ಮಾಕ್ ಟೆಸ್ಟ್‌ನಲ್ಲಿ ಸಮಯ ಇಟ್ಟುಕೊಂಡು ಬರೆದು ನೋಡಿ, ಆಮೇಲೆ ಕೋಡ್ ಬಳಸಿ.

ಬೆಣ್ಣೆದೋಸೆ · ಜೂನ್ 10, ರಾತ್ರಿ 9:40

ಇದಕ್ಕೆ ನಾನು ಒಪ್ಪಲ್ಲ ಅಕ್ಕ. ನಾನು ಮೊದಲನೇ ಸಲ ಹೋಗಿದ್ದರಿಂದಲೇ ಪರೀಕ್ಷೆ ಹೇಗಿರುತ್ತೆ ಅಂತ ಗೊತ್ತಾಯಿತು. ಆ ಕೋಣೆ, ಆ ಕ್ಯಾಮೆರಾ, ಆ ಗಡಿಯಾರ. ಮನೆಯ ಮಾಕ್ ಟೆಸ್ಟ್‌ನಲ್ಲಿ ಅದು ಬರಲ್ಲ. ಅರ್ಧ ಬೆಲೆಗೆ ಆ ಅನುಭವ ಸಿಕ್ಕರೆ ಅಗ್ಗವೇ.

ದಾಸವಾಳ · ಜೂನ್ 10, ರಾತ್ರಿ 9:46

ಏಳೂವರೆ ಸಾವಿರದ ಅನುಭವ! ಸರಿ, ಅದು ಅವರವರ ಜೇಬು.

ಹಳೆಹುಲಿ · ಜೂನ್ 11, ಬೆಳಿಗ್ಗೆ 9:02

21 ಅಂತ ಹೇಗೆ ಹೇಳುತ್ತೀರಿ? 14 ದಿನ ಪೂರ್ತಿ ಮುಗಿಯಬೇಕು ಅಂದರೆ 22 ಆಗಬೇಕಲ್ಲ. 8ನ್ನು ಒಂದನೇ ದಿನ ಅಂತ ಎಣಿಸಿದರೆ 21 ಹದಿನಾಲ್ಕನೇ ದಿನ, ಅದೂ ಕಳೆಯಬೇಕು.

ಎಂಟನೇಮೈಲಿ · ಜೂನ್ 11, ಬೆಳಿಗ್ಗೆ 9:10

ನಮ್ಮಜ್ಜಿ ಸೂತಕ ಎಣಿಸಿದಂಗೆ ಆಯ್ತು.

ದಾಸವಾಳ · ಜೂನ್ 11, ಬೆಳಿಗ್ಗೆ 9:30

ನನ್ನ ಲೆಕ್ಕ 21. ಆದರೆ ನಾವು ಎಣಿಸಿ ಉಪಯೋಗ ಇಲ್ಲ. ಬುಕಿಂಗ್ ಪುಟ ತೆರೆದರೆ ಅವಧಿ ಮುಗಿಯದ ದಿನಗಳನ್ನು ಅದು ಆರಿಸೋಕೇ ಬಿಡಲ್ಲ. ಕಾಫಿತೋಟ ತೆರೆದು ನೋಡಿ ಹೇಳಲಿ.

ಕಾಫಿತೋಟ · ಜೂನ್ 12, ರಾತ್ರಿ 8:55

ನೋಡಿದೆ. ನಾನು ಹೋಗೋ ಸೆಂಟರಿನಲ್ಲಿ 21 ಖಾಲಿ ತೋರಿಸಲಿಲ್ಲ. 22 ಭಾನುವಾರ, ಅವತ್ತು ಸೆಂಟರ್ ಮುಚ್ಚಿರುತ್ತೆ. 23ರಿಂದ ಸಿಗುತ್ತಿದೆ. 21 ಇಲ್ಲದ್ದು ನಿಯಮದಿಂದಲೋ ಸೀಟು ತುಂಬಿದ್ದರಿಂದಲೋ ಗೊತ್ತಾಗಲಿಲ್ಲ. ಹಳೆಹುಲಿ ಸರ್, ಕ್ಷಮಿಸಿ.

ಟ್ರೈನಿಂಗ್ ವಿಭಾಗದವರನ್ನು ಕೇಳಿದೆ. ವೋಚರ್ ಬೇರೆಯವರು ಬಳಸಬಹುದಂತೆ, ಆದರೆ ಅವಧಿ ಮುಂದೂಡೋಕೆ ಆಗಲ್ಲವಂತೆ. ಮುಂದಿನ ಕಂತು ಆಗಸ್ಟ್‌ನಲ್ಲಿ ಬರಬಹುದು ಅಂದರು. ‘ಬರಬಹುದು’. ಮ್ಯಾನೇಜರ್ ಹತ್ತಿರ ಹೋಗಿ ಲೆಕ್ಕ ಇಟ್ಟೆ: ಈಗ ಬರೆದರೆ 177 ಡಾಲರ್ ನನ್ನ ಜೇಬಿನಿಂದ, ಆಗಸ್ಟ್‌ಗೆ ಬಿಟ್ಟರೆ ಪುಕ್ಕಟೆ. ಅವರು ನಕ್ಕು, ‘ಪಾಸಾದರೆ ಎರಡನೇದರ ದುಡ್ಡು ಕೊಡಿಸುತ್ತೇನೆ, ಮೊದಲನೇದರದ್ದು ಕೇಳಬೇಡ’ ಅಂದರು.

28ನೇ ತಾರೀಖು ಶನಿವಾರ, ಬೆಳಿಗ್ಗೆ 9 ಗಂಟೆಗೆ ಬುಕ್ ಮಾಡಿದೆ. ಪುಟದಲ್ಲಿ 160 ನಿಮಿಷ ಅಂತ ಬಂದ ಮೇಲೇ ಕಾರ್ಡ್ ನಂಬರ್ ಹಾಕಿದ್ದು. 23ಕ್ಕೇ ಹೋಗಬಹುದಿತ್ತು, ಆದರೆ ರೆಸಿಲಿಯೆಂಟ್ ಭಾಗ ಇನ್ನೂ ಅರ್ಧ ಇದೆ.

ಒಂದು ಅನುಮಾನ ಉಳಿದಿದೆ. ಎರಡನೇ ಸಲ ಹೋದಾಗ ಅವೇ ಪ್ರಶ್ನೆ ಬರುತ್ತವಾ?

ಬೆಣ್ಣೆದೋಸೆ · ಜೂನ್ 12, ರಾತ್ರಿ 9:20

ನನಗೆ ಎರಡೋ ಮೂರೋ ನೋಡಿದ ಹಾಗೆ ಅನಿಸಿತು.

ಹಳೆಹುಲಿ · ಜೂನ್ 12, ರಾತ್ರಿ 9:34

ನನಗೆ ಒಂದೂ ಇಲ್ಲ. ನನ್ನದು ಪರೀಕ್ಷೆಯೇ ಬೇರೆ ಆಗಿತ್ತಲ್ಲ, ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ.

ದಾಸವಾಳ · ಜೂನ್ 12, ರಾತ್ರಿ 10:00

ನೋಡಿದ ಹಾಗೆ ಕಂಡರೆ ಇನ್ನೂ ನಿಧಾನ ಓದಿ. ಕೊನೆಯ ಸಾಲಿನ ಒಂದು ಪದ ಬೇರೆ ಇರುತ್ತೆ. ‘ಹಳೇದೇ’ ಅಂತ ಹಳೇ ಉತ್ತರ ಒತ್ತಿ ಬಂದವರನ್ನು ನೋಡಿದ್ದೇನೆ. ಜೊತೆಗೆ ನಿಮ್ಮ ಹಳೇ ಉತ್ತರ ಸರಿ ಇತ್ತಾ ಅನ್ನೋದೂ ನಿಮಗೆ ಗೊತ್ತಿಲ್ಲವಲ್ಲ.

ಗೋಳಿಬಜೆ · ಜೂನ್ 12, ರಾತ್ರಿ 10:11

ಅಕ್ಕ, ನಂದು ಜುಲೈ 12ಕ್ಕೆ ಹಾಕಿದೆ. ಬೆನಿಫಿಟ್ಸ್ ಪುಟದಲ್ಲಿ ಕೋಡ್ ಇತ್ತು! ಆದರೆ ನಾನು ಪೂರ್ತಿ ದುಡ್ಡು ಕಟ್ಟಿ ಆಗಿತ್ತು. ಈಗ ರದ್ದು ಮಾಡಿ ಕೋಡ್ ಹಾಕಿ ಮತ್ತೆ ಬುಕ್ ಮಾಡಲಾ?

ದಾಸವಾಳ · ಜೂನ್ 12, ರಾತ್ರಿ 10:19

24 ಗಂಟೆಗಿಂತ ಮುಂಚೆ ರದ್ದು ಮಾಡಿದರೆ ದುಡ್ಡು ವಾಪಸ್ ಬರುತ್ತೆ. ಮಾಡಿ. ಮೊದಲು 12ಕ್ಕೆ ಇನ್ನೊಂದು ಸೀಟು ಖಾಲಿ ಇದೆಯಾ ನೋಡಿಕೊಂಡು ರದ್ದು ಮಾಡಿ ಮಾರಾಯ್ರೆ. ಆ +30 ಕೂಡ ಕೇಳಿರಲಿಲ್ಲ ತಾನೇ? ಎರಡರ ನಡುವೆ ಅದನ್ನೂ ಮುಗಿಸಿ.